ಅಂಗಡಿ ಬೋರ್ಡಿನ ಭಾಷೆ ಬಿಟ್ಟು ಪರಿಚಯ ಹೇಳಿಕೊಳ್ಳುವುದು

ಪ್ರಶ್ನೆ: ಅರಕಲಗೂಡಿನಿಂದ ಕೊಡಗಿನ ಸುಂಟಿಕೊಪ್ಪಕ್ಕೆ ಬಂದು ಮೂರು ತಿಂಗಳಾಯಿತು. ಮೋಟಾರ್ ರಿವೈಂಡಿಂಗ್, ಪಂಪ್ ರಿಪೇರಿ ನನ್ನ ಕೆಲಸ. ಮನೆ ಮಾಲೀಕರು ನಮ್ಮ ರಸ್ತೆಯ ವಾಟ್ಸ್‌ಆ್ಯಪ್ ಗುಂಪಿಗೂ, ಪರಿಚಯದ ಬೆಳೆಗಾರರೊಬ್ಬರು ಕಾಫಿ ಬೆಳೆಗಾರರ ಗುಂಪಿಗೂ ಸೇರಿಸಿದ್ದಾರೆ. ಪರಿಚಯಕ್ಕೆ ಅಂತ ಹೀಗೆ ಬರೆದಿಟ್ಟಿದ್ದೇನೆ: "ಆತ್ಮೀಯರೇ, ನಮ್ಮಲ್ಲಿ ಎಲ್ಲಾ ತರಹದ ಮೋಟಾರ್, ಪಂಪ್‌ಸೆಟ್ ರಿಪೇರಿ ಹಾಗೂ ರಿವೈಂಡಿಂಗ್ ಕೆಲಸಗಳನ್ನು 14 ವರ್ಷಗಳ ಅನುಭವದೊಂದಿಗೆ ಕಡಿಮೆ ದರದಲ್ಲಿ ಮಾಡಿಕೊಡಲಾಗುವುದು. ಒಮ್ಮೆ ಅವಕಾಶ ಕೊಡಿ. ಸಂಪರ್ಕಿಸಿ." ನನ್ನ ಹೆಂಡತಿ ಓದಿ ಇದು ಪಾಂಪ್ಲೆಟ್ ಥರ ಇದೆ ಅಂದಳು. ಹಾಗಂತ ಕೆಲಸದ ವಿಷಯವನ್ನೇ ಹೇಳದೆ ಇರೋದೂ ಸರಿ ಅನ್ನಿಸುತ್ತಿಲ್ಲ. ಹೇಗೆ ಬರೆಯಲಿ?

ಉತ್ತರ: ನಿಮ್ಮ ಮನೆಯವರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ತಪ್ಪಿರುವುದು ನೀವು ಕೆಲಸದ ವಿಷಯ ಹೇಳಿದ್ದರಲ್ಲಿ ಅಲ್ಲ, ಆ ವಾಕ್ಯಗಳ ಕಟ್ಟಿನಲ್ಲಿ. ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ "ನಾನು" ಎಂಬ ಮಾತೇ ಇಲ್ಲ. ಮುಖ್ಯ ವಾಕ್ಯ "ನಮ್ಮಲ್ಲಿ" ಎಂದು ಶುರುವಾಗಿ "ಮಾಡಿಕೊಡಲಾಗುವುದು" ಎಂದು ಮುಗಿಯುತ್ತದೆ. ಮಾಡುವವರು ಯಾರು ಎಂಬುದನ್ನು ಮರೆಮಾಡುವ ಈ "ಲಾಗುವುದು" ಕನ್ನಡದಲ್ಲಿ ಅಂಗಡಿ ಬೋರ್ಡಿನ, ಸರ್ಕಾರಿ ನೋಟೀಸಿನ ರೂಪ. ಮನೆಗೆ ಬಂದ ಹೊಸಬರು ಜಗಲಿಯಲ್ಲಿ ಕೂತು "ನಮ್ಮಲ್ಲಿ ರಿವೈಂಡಿಂಗ್ ಮಾಡಿಕೊಡಲಾಗುವುದು" ಎಂದು ಹೇಳುವುದಿಲ್ಲ. "ನಾನು ರಿವೈಂಡಿಂಗ್ ಮಾಡ್ತೀನಿ" ಅನ್ನುತ್ತಾರೆ. ಈ ಒಂದು ಕ್ರಿಯಾಪದವನ್ನು ಬದಲಿಸಿದರೆ ಪಾಂಪ್ಲೆಟ್‌ತನ ಅರ್ಧದಷ್ಟು ಹೋಗುತ್ತದೆ.

ಉಳಿದರ್ಧ ಇರುವುದು ಯಾರೂ ಪರೀಕ್ಷಿಸಿ ನೋಡಲಾಗದ ಮಾತುಗಳಲ್ಲಿ. "ಎಲ್ಲಾ ತರಹದ" ಎಂದಾಗ ಓದುವವರಿಗೆ ಏನೂ ತಿಳಿಯುವುದಿಲ್ಲ. "ಕಡಿಮೆ ದರ" ಎಂದರೆ ಯಾರಿಗಿಂತ ಕಡಿಮೆ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅದಕ್ಕೆ ಉತ್ತರ ಆ ಊರಿನಲ್ಲಿ ಈಗಾಗಲೇ ಆ ಕೆಲಸ ಮಾಡಿಕೊಂಡಿರುವವರ ಕಡೆಗೆ ಬೆರಳು ತೋರಿಸುತ್ತದೆ. "ಒಮ್ಮೆ ಅವಕಾಶ ಕೊಡಿ" ಬೇಡಿಕೆ, "ಸಂಪರ್ಕಿಸಿ" ಆಜ್ಞೆ. ಹೊಸಬರ ಮೊದಲ ಮಾತಿನಲ್ಲಿ ಇವೆರಡೂ ಇರಬಾರದು. 14 ವರ್ಷದ ಅನುಭವ ಮಾತ್ರ ನಿಜವಾದ ಮಾಹಿತಿ. ಅದನ್ನು ಉಳಿಸಿಕೊಳ್ಳೋಣ, ಆದರೆ ಬೇರೆ ಜಾಗದಲ್ಲಿ ಇಡೋಣ.

ಈಗ ಅದರಲ್ಲಿ ಇಲ್ಲದಿರುವುದರ ಬಗ್ಗೆ. ಕೊಡಗಿನಲ್ಲಿ ಹೊಸ ಮುಖ ಕಂಡಾಗ ಜನ ಮೊದಲು ಕೇಳುವುದು ಎರಡೇ: ಎಲ್ಲಿ ಇದ್ದೀರಿ, ಯಾರ ಕಡೆಯಿಂದ ಬಂದಿರಿ. ಇಲ್ಲಿ ಮನೆಗಳು ತೋಟದೊಳಗೆ, ಒಂದಕ್ಕೊಂದು ದೂರ ದೂರ. ಹಳ್ಳಿಗಳಲ್ಲಿ ಮನೆ ನಂಬರಿಗಿಂತ "ಇಂಥವರ ತೋಟದ ಗೇಟಿನಿಂದ ಮುಂದೆ", "ಇಂಥವರ ತೋಟದ ಕೆಲಸಗಾರರ ಲೈನ್ ಮನೆ ದಾಟಿ" ಎಂದೇ ದಾರಿ ಹೇಳುವುದು. ಹಾಗಾಗಿ ನಿಮ್ಮನ್ನು ಒಂದು ಜಾಗದಲ್ಲಿ, ಒಬ್ಬ ಗೊತ್ತಿರುವ ವ್ಯಕ್ತಿಯ ಪಕ್ಕದಲ್ಲಿ ಇಟ್ಟು ನೋಡುವವರೆಗೆ ನೀವು ಬರೀ ಒಂದು ಫೋನ್ ನಂಬರ್. ನಿಮ್ಮ ಕೆಲಸ ಏನು ಎಂಬುದು ಮೂರನೆಯ ಪ್ರಶ್ನೆ. ನಿಮ್ಮ ಕರಡು ಮೊದಲೆರಡು ಪ್ರಶ್ನೆಗೆ ಉತ್ತರವನ್ನೇ ಕೊಡದೆ ಮೂರನೆಯದಕ್ಕೆ ನಾಲ್ಕು ಸಲ ಉತ್ತರ ಕೊಟ್ಟಿದೆ.

ಬರೆಯುವ ಮೊದಲು ಮೂರು ಕಡೆಯವರನ್ನು ಮಾತಾಡಿಸಿ. ಇದಕ್ಕೆ ಒಂದು ದಿನ ಸಾಕು.

ಮೊದಲು ಮನೆ ಮಾಲೀಕರು ಮತ್ತು ಆ ಬೆಳೆಗಾರರು. ನಿಮ್ಮನ್ನು ಸೇರಿಸಿದವರು ಇವರಾದ್ದರಿಂದ ಹೆಸರು ಬಳಸುವ ಮುಂಚೆ ಒಪ್ಪಿಗೆ ಕೇಳಬೇಕು: "ನೀವು ಸೇರಿಸಿದ್ರಿ ಅಂತ ಬರೀಬಹುದಾ?" ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ, ಕೇಳಿದ್ದಕ್ಕೆ ಸಂತೋಷಪಡುತ್ತಾರೆ. ಇನ್ನೂ ಒಳ್ಳೆಯದೆಂದರೆ ಅವರೇ ಒಂದು ಸಾಲು ಹಾಕಿ, ಅದರ ಕೆಳಗೆ ನೀವು ಬರೆಯುವುದು. "ನಮ್ಮ ಕೆಳಗಿನ ಮನೆಗೆ ಬಂದವರು, ಗುಂಪಿಗೆ ಸೇರಿಸಿದ್ದೇನೆ" ಎಂದು ಅವರು ಹೇಳಿದ ಒಂದು ಸಾಲು ನೀವೇ ಬರೆಯುವ ಹತ್ತು ಸಾಲಿಗೆ ಸಮ. ಆದರೆ ಅವರ ಹೆಸರನ್ನು ಸರ್ಟಿಫಿಕೇಟ್ ಮಾಡಿಕೊಳ್ಳಬೇಡಿ. "ಅವರ ತೋಟದ ಎಲ್ಲಾ ಮೋಟಾರ್ ನಾನೇ ನೋಡೋದು" ಎಂದು ಬರೆದರೆ ಅವರನ್ನು ನಿಮ್ಮ ಜಾಹೀರಾತಿನೊಳಗೆ ಎಳೆದಂತಾಗುತ್ತದೆ, ನಾಳೆ ಯಾವುದೋ ಮೋಟಾರ್ ಕೆಟ್ಟರೆ ಜನ ಅವರನ್ನು ಕೇಳುತ್ತಾರೆ.

ಎರಡನೆಯವರು ಗುಂಪಿನ ಅಡ್ಮಿನ್. ಹೊಸಬರು ಪರಿಚಯ ಹಾಕುವ ರೂಢಿ ಇದೆಯೇ, ವ್ಯಾಪಾರದ ವಿಷಯ ಹಾಕಬಾರದು ಎಂಬ ನಿಯಮ ಇದೆಯೇ ಎಂದು ಅವರಿಗೆ ಬೇರೆಯಾಗಿ ಒಂದು ಸಾಲು ಬರೆದು ಕೇಳಿ. ಕೆಲವು ಗುಂಪುಗಳಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಟ್ಟಿರುತ್ತಾರೆ. ಹಾಗಿದ್ದರೆ ನಿಮ್ಮ ನಾಲ್ಕು ಸಾಲನ್ನು ಅವರಿಗೇ ಕಳಿಸಿದರಾಯಿತು.

ಮೂರನೆಯವರನ್ನು ಬಹುತೇಕ ಹೊಸಬರು ಮರೆಯುತ್ತಾರೆ: ಆ ಊರಿನಲ್ಲಿ ಈಗಾಗಲೇ ಮೋಟಾರ್ ಕೆಲಸ ಮಾಡುವವರು. ಅವರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಇಲ್ಲವೆಂದರೆ ಅವರ ಅಣ್ಣನೋ ಭಾವನೋ ಇರುತ್ತಾರೆ. ನಿಮ್ಮ ಸಂದೇಶವನ್ನು ಅವರು ಮೊದಲ ಸಲ ಗುಂಪಿನಲ್ಲಿ ಓದುವಂತಾಗಬಾರದು. ಅಂಗಡಿಗೆ ಹೋಗಿ, ಎಲ್ಲಿಂದ ಬಂದಿರಿ, ಯಾವ ಕೆಲಸ ನಿಮ್ಮ ಕೈಗೆ ಹತ್ತಿದ್ದು, ಯಾವುದು ಬರುವುದಿಲ್ಲ ಎಂದು ಹೇಳಿ ಬನ್ನಿ. ಇದರಲ್ಲಿ ನಿಮಗೂ ಲಾಭವಿದೆ. ಪಂಪ್ ಬಿಚ್ಚಿ ಜೋಡಿಸುವವರೆಲ್ಲ ತಾಮ್ರದ ತಂತಿ ಸುತ್ತುವುದಿಲ್ಲ, ಸುಟ್ಟ ಮೋಟಾರನ್ನು ಬೇರೆ ಊರಿಗೆ ಕಳಿಸುವವರೂ ಇದ್ದಾರೆ. ನೀವು ರಿವೈಂಡಿಂಗ್‌ನವರು ಎಂದು ಅವರಿಗೆ ಗೊತ್ತಾದರೆ ಮೊದಲ ಮೋಟಾರ್ ಅವರ ಕಡೆಯಿಂದಲೇ ಬರಬಹುದು. ಹೋಗದೆ ಬರೆದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. ಗುಂಪಿನಲ್ಲಿ ಯಾರಾದರೊಬ್ಬರು "ನಮ್ಮಲ್ಲಿ ಆಗಲೇ ಇಂಥವರು ಇದ್ದಾರಲ್ಲ" ಎಂದು ಬರೆಯುತ್ತಾರೆ, ಅಲ್ಲಿಗೆ ನಿಮ್ಮ ಪರಿಚಯ ಒಂದು ಪಂದ್ಯವಾಗಿಬಿಡುತ್ತದೆ.

ಇನ್ನು ಬರಹಕ್ಕೆ ಬರೋಣ. ಎರಡು ಗುಂಪಿಗೆ ಒಂದೇ ಸಂದೇಶ ಹಾಕಬೇಡಿ. ಒಂದೇ ಬರಹವನ್ನು ಎರಡು ಕಡೆ ಓದಿದವರಿಗೆ ಇದು ಹಂಚಿದ ಪಾಂಪ್ಲೆಟ್ ಎಂದು ತಕ್ಷಣ ತಿಳಿಯುತ್ತದೆ, ಸುಂಟಿಕೊಪ್ಪದಂಥ ಊರಿನಲ್ಲಿ ಎರಡೂ ಗುಂಪಿನಲ್ಲಿ ಇರುವವರು ಕಡಿಮೆ ಏನಿಲ್ಲ. ರಸ್ತೆಯ ಗುಂಪಿನಲ್ಲಿ ನೀವು ನೆರೆಯವರು. ಬೆಳೆಗಾರರ ಗುಂಪಿನಲ್ಲಿ ನೀವು ಒಂದು ಕೆಲಸ ಬಲ್ಲವರು. ಒಂದಕ್ಕೆ ಬರೆದು, ಒಂದು ದಿನ ಬಿಟ್ಟು ಇನ್ನೊಂದಕ್ಕೆ ಬರೆಯಿರಿ.

ರಸ್ತೆಯ ಗುಂಪಿಗೆ ಇಷ್ಟು ಸಾಕು:

"ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ……. ಊರು ಅರಕಲಗೂಡು. ಮೂರು ತಿಂಗಳಿಂದ ಮಾದಾಪುರ ರಸ್ತೆಯಲ್ಲಿ …… ಅವರ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಅವರೇ ಈ ಗುಂಪಿಗೆ ಸೇರಿಸಿದರು. ಮನೆಯಲ್ಲಿ ನಾವು ನಾಲ್ವರು. ನಾನು ಮೋಟಾರ್ ರಿವೈಂಡಿಂಗ್ ಕೆಲಸ ಮಾಡುತ್ತೇನೆ. ಕಸದ ಗಾಡಿ ನಮ್ಮ ಕಡೆ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರಾದರೂ ತಿಳಿಸಿದರೆ ಉಪಕಾರ."

ಇಲ್ಲಿ ಕೆಲಸಕ್ಕೆ ಸಿಕ್ಕಿರುವುದು ಒಂದೇ ವಾಕ್ಯ, ಅದೂ ಮನೆಯ ವಿಷಯ ಆದಮೇಲೆ. ವರ್ಷದ ಲೆಕ್ಕ ಇಲ್ಲ, ಏಕೆಂದರೆ ನೆರೆಯವರಿಗೆ ಅದು ಬೇಕಿಲ್ಲ. ಕೊನೆಯಲ್ಲಿರುವ ಪ್ರಶ್ನೆಗೆ ಒಂದು ಕೆಲಸವಿದೆ. ಪರಿಚಯ ಓದಿದವರು ಸುಮ್ಮನೆ ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ಅವರು ಒಂದು ಸಾಲು ಬರೆಯಬೇಕಾದರೆ ಬರೆಯಲು ಏನಾದರೂ ಇರಬೇಕು. "ಬುಧವಾರ, ಶನಿವಾರ ಎಂಟೂವರೆಗೆ" ಎಂದು ಒಬ್ಬರು ಹೇಳಿದ ಕೂಡಲೇ ನೀವು ಅವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳಬಹುದು, ಗುಂಪಿನಲ್ಲಿ ನಿಮ್ಮ ಮೊದಲ ಮಾತುಕತೆ ಆಯಿತು. ಪ್ರಶ್ನೆ ನಿಮಗೆ ನಿಜವಾಗಿಯೂ ಗೊತ್ತಿಲ್ಲದ್ದೇ ಆಗಿರಬೇಕು. ಮೂರು ತಿಂಗಳಿಂದ ಕಸ ಹಾಕುತ್ತಿರುವವರು ಗಾಡಿಯ ದಿನ ಕೇಳಿದರೆ ಎದುರು ಮನೆಯವರು ನಗುತ್ತಾರೆ, ಹಾಗಿದ್ದರೆ ಬೇರೆ ಏನಾದರೂ ಕೇಳಿ. ಮನೆಯಲ್ಲಿ ಯಾರು ಯಾವಾಗ ಒಬ್ಬರೇ ಇರುತ್ತಾರೆ, ಮಕ್ಕಳು ಯಾವ ಶಾಲೆ ಎಂಬ ವಿವರ ಇನ್ನೂರು ಜನರ ಗುಂಪಿನಲ್ಲಿ ಬೇಡ.

ಬೆಳೆಗಾರರ ಗುಂಪಿಗೆ ಹೆಚ್ಚು ಎಚ್ಚರ ಬೇಕು, ಅಲ್ಲಿ ನಿಮ್ಮ ಕೆಲಸವೇ ಪರಿಚಯ. ಇಲ್ಲಿ ನಿಮ್ಮನ್ನು ಜಾಹೀರಾತಿನಿಂದ ಬೇರೆ ಮಾಡುವ ಅತಿ ದೊಡ್ಡ ಸಂಗತಿ ನಿಮ್ಮ ಕೆಲಸದ ಮಿತಿ. ಯಾವ ಜಾಹೀರಾತೂ ತನಗೆ ಏನು ಬರುವುದಿಲ್ಲ ಎಂದು ಹೇಳುವುದಿಲ್ಲ. ನೀವು ಹೇಳಿದರೆ ಉಳಿದ ಮಾತನ್ನೂ ಜನ ನಂಬುತ್ತಾರೆ, ಜೊತೆಗೆ ನಿಮ್ಮಿಂದಾಗದ ಕೆಲಸಕ್ಕೆ ಫೋನ್ ಬರುವುದೂ ತಪ್ಪುತ್ತದೆ. ಕೊಡಗಿನಲ್ಲಿ ಇದು ದೊಡ್ಡ ವಿಷಯ. ತೋಟಗಳಲ್ಲಿ ಸ್ಪ್ರಿಂಕ್ಲರ್‌ಗೆ ಕೆರೆಯಿಂದ ನೀರೆತ್ತಲು ಕರೆಂಟಿನ ಮೋಟಾರ್ ಜೊತೆಗೆ ಡೀಸೆಲ್ ಎಂಜಿನ್‌ಗಳೂ ಬಹಳ ಇವೆ. "ಪಂಪ್‌ಸೆಟ್ ರಿಪೇರಿ" ಎಂದಷ್ಟೇ ಬರೆದರೆ ಎಂಜಿನ್ ಕೆಟ್ಟವರೂ ನಿಮ್ಮನ್ನೇ ಕರೆಯುತ್ತಾರೆ. ಹತ್ತು ಕಿಲೋಮೀಟರ್ ಹೋಗಿ "ಇದು ನನಗೆ ಬರಲ್ಲ" ಎನ್ನುವುದು ಇಬ್ಬರಿಗೂ ನಷ್ಟ. ನಿಮ್ಮ ಪತ್ರದಲ್ಲಿ ಮಿತಿಯ ವಿಷಯ ಇಲ್ಲವಾದ್ದರಿಂದ ಈ ಕೆಳಗಿನದನ್ನು ಮಾದರಿ ಎಂದು ತೆಗೆದುಕೊಂಡು ನಿಮ್ಮ ನಿಜವಾದ ಲೆಕ್ಕ ಹಾಕಿಕೊಳ್ಳಿ:

"ಎಲ್ಲರಿಗೂ ನಮಸ್ಕಾರ. ನಾನು ……, ಊರು ಅರಕಲಗೂಡು. ಈಗ ಸುಂಟಿಕೊಪ್ಪ ಮಾದಾಪುರ ರಸ್ತೆಯಲ್ಲಿ ಮನೆ. …… ಅವರು ಈ ಗುಂಪಿಗೆ ಸೇರಿಸಿದ್ದಾರೆ. 14 ವರ್ಷದಿಂದ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದೇನೆ, ಹೆಚ್ಚಾಗಿ 10 ಎಚ್‌ಪಿ ಒಳಗಿನವು. ಡೀಸೆಲ್ ಎಂಜಿನ್ ನನಗೆ ಬರುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ಮೋಟಾರೇ ಜಾಸ್ತಿ, ಕೆರೆಯಿಂದ ಸ್ಪ್ರಿಂಕ್ಲರ್‌ಗೆ ಹೊಡೆಯುವುದು ನನಗೆ ಹೊಸತು. ಹೂವಿಗೆ ನೀರು ಕೊಡುವಾಗ ನಿಮ್ಮಲ್ಲಿ ಮೋಟಾರ್ ಒಂದೇ ಸಮ ಎಷ್ಟು ಗಂಟೆ ಓಡುತ್ತದೆ? ಗೊತ್ತಿದ್ದವರು ಹೇಳಿದರೆ ಇಲ್ಲಿನ ಕೆಲಸ ಅರ್ಥ ಮಾಡಿಕೊಳ್ಳಲು ಅನುಕೂಲ."

ಕೊನೆಯ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ರೊಬಸ್ಟಾ ತೋಟಗಳಿಗೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂವಿಗೆಂದು ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುತ್ತಾರೆ, ಮಳೆ ಬಾರದಿದ್ದರೆ ಎರಡು ಮೂರು ವಾರದ ಮೇಲೆ ಬ್ಯಾಕಿಂಗ್ ಎಂದು ಮತ್ತೊಂದು ಸುತ್ತು. ಆ ದಿನಗಳಲ್ಲಿ ಪೈಪ್ ಲೈನ್ ಬದಲಿಸುವಷ್ಟು ಹೊತ್ತು ಬಿಟ್ಟರೆ ಮೋಟಾರಿಗೆ ಬಿಡುವಿಲ್ಲ. ಎಷ್ಟು ಗಂಟೆ ಓಡುತ್ತದೆ, ಆಗ ವೋಲ್ಟೇಜ್ ಎಷ್ಟಿರುತ್ತದೆ ಎನ್ನುವುದರ ಮೇಲೆ ವೈಂಡಿಂಗ್ ಎಷ್ಟು ಬಿಸಿಯಾಗುತ್ತದೆ ಎಂಬುದು ನಿಂತಿದೆ. ನಿಮಗೆ ಇದು ಕೆಲಸಕ್ಕೆ ಬೇಕಾದ ಮಾಹಿತಿ. ಬೆಳೆಗಾರರಿಗೆ ಇದು ಬಾಯಿಪಾಠ, ಉತ್ತರ ಹೇಳಲು ಅರ್ಧ ನಿಮಿಷ ಸಾಕು. ಮತ್ತು ಈ ಪ್ರಶ್ನೆ ಕೇಳಿದವರಿಗೆ ಕೆಲಸ ಗೊತ್ತಿದೆ ಎಂಬುದು ಹೇಳದೆಯೇ ತಿಳಿಯುತ್ತದೆ. "ನುರಿತ" ಎಂಬ ಪದ ಮಾಡಬೇಕಿದ್ದ ಕೆಲಸವನ್ನು ಈ ಪ್ರಶ್ನೆ ಮಾಡುತ್ತದೆ.

ಇದನ್ನು "ನಿಮ್ಮಲ್ಲಿ ಯಾರಿಗಾದರೂ ಮೋಟಾರ್ ತೊಂದರೆ ಇದೆಯೇ?" ಎಂಬ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿ. ಇದೂ ಪ್ರಶ್ನೆಯೇ, ಆದರೆ ಇದಕ್ಕೆ ಬರಬಹುದಾದ ಉತ್ತರವೆಲ್ಲ ನಿಮಗೆ ಗಿರಾಕಿ. ಯಾವ ಪ್ರಶ್ನೆ ಕೇಳುವ ಮೊದಲೂ ಹೀಗೆ ಪರೀಕ್ಷಿಸಿ: ಉತ್ತರ ಕೊಟ್ಟವರು ನನ್ನ ಹತ್ತಿರ ಕೆಲಸ ಮಾಡಿಸದಿದ್ದರೂ ಆ ಉತ್ತರ ನನಗೆ ಉಪಯೋಗವೇ? ಅಲ್ಲ ಎಂದಾದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಭಾಷೆಯ ಬಗ್ಗೆ ಒಂದೆರಡು ಮಾತು. ಕೊಡಗಿನ ಗುಂಪುಗಳಲ್ಲಿ ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲವೂ ಹಾದುಹೋಗುತ್ತವೆ. ನೀವು ದಿನಾ ಆಡುವ ಕನ್ನಡದಲ್ಲೇ ಬರೆಯಿರಿ. ಯಾರಿಂದಲೋ ಕೇಳಿ ಬರೆಸಿಕೊಂಡ ಎರಡು ಸಾಲು ಕೊಡವ ತಕ್ಕ್ ಹಾಕಿ ಶುರು ಮಾಡಿದರೆ ಮುಂದಿನ ಉತ್ತರ ಅದೇ ಭಾಷೆಯಲ್ಲಿ ಬರುತ್ತದೆ, ಆಗ ಮಾತು ನಿಂತುಹೋಗುತ್ತದೆ. ಹೆಸರಿನ ವಿಷಯದಲ್ಲೂ ಹೊಸಬರು ಎಡವುತ್ತಾರೆ. ಕೊಡವರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಮೊದಲ ಪದವನ್ನೇ ವ್ಯಕ್ತಿಯ ಹೆಸರೆಂದುಕೊಂಡು "ಥ್ಯಾಂಕ್ಸ್ ಇಂಥವರೇ" ಎಂದು ಬರೆದರೆ ಇಡೀ ಮನೆತನವನ್ನು ಕರೆದಂತಾಗುತ್ತದೆ. ಯಾರೆಂದು ಗೊತ್ತಾಗದಿದ್ದರೆ ಸೇರಿಸಿದವರನ್ನು ಕೇಳಿಕೊಳ್ಳಿ, ಇಲ್ಲವೇ ಅವರ ಸಂದೇಶಕ್ಕೇ ರಿಪ್ಲೈ ಒತ್ತಿ "ತುಂಬಾ ಉಪಕಾರ ಸರ್" ಎಂದರೂ ನಡೆಯುತ್ತದೆ. "ಆತ್ಮೀಯರೇ", "ಬಂಧುಗಳೇ" ಬೇಡ. ಇನ್ನೂ ಮುಖ ನೋಡದವರನ್ನು ಆತ್ಮೀಯರೆಂದು ಕರೆಯುವುದು ಚುನಾವಣೆಗೆ ನಿಂತವರ ಭಾಷೆ.

ಸಂದೇಶದ ಹೊರಗಿನ ಕೆಲವು ಸಂಗತಿಗಳೂ ಜಾಹೀರಾತಿನ ವಾಸನೆ ತರುತ್ತವೆ. ಫೋನ್ ನಂಬರ್ ಬರೆಯಬೇಡಿ. ಗುಂಪಿನಲ್ಲಿರುವವರಿಗೆ ನಿಮ್ಮ ನಂಬರ್ ಕಾಣುತ್ತಲೇ ಇದೆ, ಅದನ್ನು ಮತ್ತೆ ಬರೆಯುವುದು ಬೋರ್ಡಿನ ಅಭ್ಯಾಸ. ಬದಲಿಗೆ ಪ್ರೊಫೈಲ್ ಸರಿಮಾಡಿ. ನಿಮ್ಮ ನಂಬರನ್ನು ಉಳಿಸಿಕೊಳ್ಳದವರಿಗೆ ಕಾಣುವುದು ನೀವು ಪ್ರೊಫೈಲ್‌ನಲ್ಲಿ ಹಾಕಿಕೊಂಡ ಹೆಸರು. ಅಲ್ಲಿ ಅಂಗಡಿಯ ಹೆಸರಿದ್ದರೆ ನೀವು ಎಷ್ಟೇ ಚೆನ್ನಾಗಿ ಬರೆದರೂ ಪ್ರತಿ ಸಂದೇಶದ ಮೇಲೆ ಒಂದು ಬೋರ್ಡ್ ನೇತಾಡುತ್ತಿರುತ್ತದೆ. ನಿಮ್ಮ ಹೆಸರು, ಬೇಕಾದರೆ ಪಕ್ಕದಲ್ಲಿ ಸುಂಟಿಕೊಪ್ಪ, ಮುಖ ಕಾಣುವ ಫೋಟೋ, ಇಷ್ಟಿರಲಿ. ವಾಟ್ಸ್‌ಆ್ಯಪ್ ಬಿಸಿನೆಸ್ ಬಳಸುತ್ತಿದ್ದರೆ ಕೆಲಸದ ಸಮಯ, ದರ ಮುಂತಾದವನ್ನು ಆ ಪ್ರೊಫೈಲ್‌ನಲ್ಲಿ ಇಡಬಹುದು, ಬೇಕಾದವರು ಒತ್ತಿ ನೋಡುತ್ತಾರೆ. ಆದರೆ ಅದರಲ್ಲಿರುವ ಸ್ವಯಂಚಾಲಿತ ಸ್ವಾಗತ ಸಂದೇಶವನ್ನು ನಿಲ್ಲಿಸಿ. ಗುಂಪಿನಲ್ಲಿ ನಿಮ್ಮ ಪರಿಚಯ ಓದಿ ಒಬ್ಬರು ಖಾಸಗಿಯಾಗಿ "ನಮಸ್ಕಾರ, ನಾನೂ ಅರಕಲಗೂಡಿನವನೇ" ಎಂದು ಬರೆದಾಗ ತಕ್ಷಣ "ನಮ್ಮ ಸೇವೆಯನ್ನು ಆಯ್ಕೆ ಮಾಡಿದ್ದಕ್ಕೆ ಧನ್ಯವಾದಗಳು" ಎಂಬ ಉತ್ತರ ಹೋದರೆ ಅವರು ಮತ್ತೆ ಬರೆಯುವುದಿಲ್ಲ.

ಪೋಸ್ಟರ್, ವಿಸಿಟಿಂಗ್ ಕಾರ್ಡಿನ ಫೋಟೋ, ಲಿಂಕ್ ಯಾವುದೂ ಬೇಡ. ತೋಟದೊಳಗೆ ನೆಟ್‌ವರ್ಕ್ ಒಂದು ಗೆರೆ ಇರುವ ಜಾಗಗಳಲ್ಲಿ ಫೋಟೋ ಇಳಿಯುವುದಿಲ್ಲ, ಸಾಲು ಇಳಿಯುತ್ತದೆ. ಸಂದೇಶ ಐವತ್ತು ಅರವತ್ತು ಪದದೊಳಗಿದ್ದರೆ ಫೋನಿನ ಪರದೆಯಲ್ಲಿ ಒಂದೇ ನೋಟಕ್ಕೆ ಮುಗಿಯುತ್ತದೆ.

ಹೊತ್ತು ನೋಡಿ ಹಾಕಿ. ಕೊಡಗಿನ ಎಷ್ಟೋ ಗುಂಪುಗಳು ಬೆಳಗ್ಗೆ ಆನೆ ಎಲ್ಲಿದೆ ಎಂದು ತಿಳಿಯಲು ಇರುವಂಥವು. ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಜನ ಫೋನ್ ನೋಡುವುದೇ ಅದಕ್ಕೆ. ಆ ಹೊತ್ತಿನಲ್ಲಿ ನಿಮ್ಮ ಪರಿಚಯದ ಶಬ್ದ ಕೇಳಿ ಗಾಬರಿಯಿಂದ ಫೋನ್ ತೆಗೆದವರಿಗೆ ನಿಮ್ಮ ಮೇಲೆ ಒಳ್ಳೆಯ ಭಾವನೆ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದ್ದಾಗ, ಕರೆಂಟಿಲ್ಲದ ದಿನ, ಸಾವಿನ ಸುದ್ದಿ ಹಾಕಿದ ದಿನ ಬರೆಯಬೇಡಿ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆ ಇದು. ಜೋರು ಮಳೆಯ ರಾತ್ರಿ ಗುಂಪಿನ ಪ್ರತಿ ಸಂದೇಶವನ್ನೂ ಜನ ಭಯದಿಂದಲೇ ತೆರೆಯುತ್ತಾರೆ. ಸಂಜೆ ಏಳರಿಂದ ಎಂಟೂವರೆ ಒಳ್ಳೆಯ ಹೊತ್ತು, ಗುಂಪಿನಲ್ಲಿ ಅದಕ್ಕೂ ಮೊದಲು ನಡೆದ ಮಾತು ಮುಗಿದು ಒಂದೆರಡು ಗಂಟೆ ಆಗಿರಲಿ.

ಕಾಲದ ಲೆಕ್ಕವೂ ಇದೆ. ಬೆಳೆಗಾರರ ಗುಂಪಿಗೆ ಹೂವಿನ ನೀರಿನ ಸಮಯ ಬರುವುದಕ್ಕೆ ಮುಂಚೆ, ಅಂದರೆ ಜನವರಿ ಕಳೆಯುವುದರೊಳಗೆ ಪರಿಚಯ ಹಾಕಿದರೆ ಅದು ಪರಿಚಯವಾಗಿಯೇ ಓದಿಸಿಕೊಳ್ಳುತ್ತದೆ. ಮೋಟಾರುಗಳು ಸುಡುತ್ತಿರುವ ಮಾರ್ಚಿನಲ್ಲಿ ಹಾಕಿದರೆ ಅದೇ ಮಾತು ಗಿರಾಕಿ ಹುಡುಕಿಕೊಂಡು ಬಂದಂತೆ ಕಾಣುತ್ತದೆ. ಆಗಲೇ ಸೀಸನ್ ಶುರುವಾಗಿದ್ದರೆ ಪರಿಚಯವನ್ನು ಎರಡು ಸಾಲಿಗೆ ಇಳಿಸಿ, ಪ್ರಶ್ನೆ ತೆಗೆದುಹಾಕಿ. ನೀರು ಹೊಡೆಸುತ್ತಿರುವವರಿಗೆ ಉತ್ತರ ಬರೆಯಲು ಪುರುಸೊತ್ತಿರುವುದಿಲ್ಲ.

ಹಾಕಿದ ಮೇಲೆ ಹದಿನೈದು ನಿಮಿಷದೊಳಗೆ ಸಂದೇಶ ತಿದ್ದಲು ವಾಟ್ಸ್‌ಆ್ಯಪ್‌ನಲ್ಲಿ ಅವಕಾಶವಿದೆ. ತಪ್ಪು ಕಂಡರೆ ಅಷ್ಟರೊಳಗೆ ತಿದ್ದಿ, ಅಳಿಸಿ ಮತ್ತೆ ಹಾಕಬೇಡಿ. ಉತ್ತರ ಬಂದ ಬಗೆಯಿಂದಲೇ ಪರಿಚಯ ಹೇಗೆ ಮುಟ್ಟಿತೆಂದು ತಿಳಿಯುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಬಂದರೆ, "ಯಾವ ಮನೆ, ಗೇಟಿನ ಪಕ್ಕದ್ದಾ?" ಎಂದು ಯಾರಾದರೂ ಕೇಳಿದರೆ ಸರಿಯಾಗಿ ಮುಟ್ಟಿದೆ. ಮಾರನೇ ದಿನ ಅಡ್ಮಿನ್ ಗುಂಪಿನ ನಿಯಮವನ್ನು ಯಾರ ಹೆಸರೂ ಹೇಳದೆ ಮತ್ತೊಮ್ಮೆ ಹಾಕಿದರೆ ಅದು ನಿಮಗೇ ಹೇಳಿದ್ದು. ಅವರಿಗೆ ಬೇರೆಯಾಗಿ "ತಪ್ಪಾಗಿದ್ದರೆ ಹೇಳಿ, ತೆಗೆಯುತ್ತೇನೆ" ಎಂದು ಬರೆಯಿರಿ, ಗುಂಪಿನಲ್ಲಿ ಸಮಜಾಯಿಷಿ ಬೇಡ. ಏನೂ ಉತ್ತರವೇ ಬರದಿದ್ದರೆ ಅದು ತಿರಸ್ಕಾರವಲ್ಲ. ದೊಡ್ಡ ಗುಂಪಿನಲ್ಲಿ ಓದಿ ಸುಮ್ಮನಿರುವುದೇ ಹೆಚ್ಚು. ವಾರ ಬಿಟ್ಟು ಅದನ್ನೇ ಮತ್ತೆ ಹಾಕಿದರೆ ಮಾತ್ರ, ಮೊದಲ ಸಲ ಪರಿಚಯವಾಗಿದ್ದದ್ದು ಎರಡನೇ ಸಲಕ್ಕೆ ಜಾಹೀರಾತಾಗುತ್ತದೆ.

ಯಾರಾದರೂ ಗುಂಪಿನಲ್ಲೇ "5 ಎಚ್‌ಪಿ ರಿವೈಂಡಿಂಗ್‌ಗೆ ಎಷ್ಟು ತಗೊಳ್ತೀರಿ?" ಎಂದು ಕೇಳಬಹುದು. ಕೇಳಿದವರು ಅವರೇ ಆದರೂ ದರವನ್ನು ಗುಂಪಿನಲ್ಲಿ ಹೇಳಬೇಡಿ. ತಾಮ್ರದ ಬೆಲೆ ಏರಿಳಿಯುತ್ತದೆ, ಸ್ಲಾಟ್, ಬೇರಿಂಗ್ ಯಾವ ಸ್ಥಿತಿಯಲ್ಲಿವೆ ಎಂದು ಬಿಚ್ಚಿ ನೋಡದೆ ತಿಳಿಯುವುದಿಲ್ಲ, ಇವತ್ತು ಹೇಳಿದ ಅಂಕಿ ಆರು ತಿಂಗಳ ಮೇಲೂ ಅಲ್ಲೇ ಇರುತ್ತದೆ. "ಮೋಟಾರ್ ನೋಡಿದರೆ ಹೇಳಬಹುದು, ನಿಮಗೆ ಬೇರೆಯಾಗಿ ಬರೆಯುತ್ತೇನೆ" ಎಂದು ಅಲ್ಲಿಗೆ ನಿಲ್ಲಿಸಿ.

ನಿಮ್ಮ ನಿಜವಾದ ಪರಿಚಯ ಆಗುವುದು ಇದಾದ ಮೇಲೆ, ಗುಂಪಿನಲ್ಲಿ ಯಾರಿಗಾದರೂ ತೊಂದರೆ ಬಂದು ನೀವು ಉತ್ತರ ಕೊಟ್ಟ ದಿನ. ಆ ಉತ್ತರದಲ್ಲೂ ಜಾಹೀರಾತು ನುಸುಳುತ್ತದೆ. "ಮೋಟಾರ್ ಆನ್ ಮಾಡಿದರೆ ಗುಂಯ್ ಅಂತಿದೆ, ತಿರುಗ್ತಿಲ್ಲ" ಎಂದು ಬೆಳಗ್ಗೆ ಒಬ್ಬರು ಬರೆದರೆಂದುಕೊಳ್ಳಿ. "ನಾನು ಬಂದು ನೋಡುತ್ತೇನೆ ಸರ್" ಎಂದರೆ ಅದು ವ್ಯಾಪಾರ. ಇದರ ಬದಲು ಹೀಗೆ ಬರೆಯಬಹುದು:

"ತಕ್ಷಣ ಆಫ್ ಮಾಡಿ ಸರ್, ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟರ್ ಆಫ್, ಮೇನ್ ಆನ್ ಇಟ್ಟು ಪ್ಯಾನೆಲ್‌ನ ಕೆಂಪು, ಹಳದಿ, ನೀಲಿ ದೀಪ ಮೂರೂ ಒಂದೇ ಸಮ ಉರಿಯುತ್ತಿವೆಯಾ ನೋಡಿ. ಒಂದು ಇಲ್ಲ ಅಥವಾ ಮಂಕು ಅಂದರೆ ಫೇಸ್ ಹೋಗಿದೆ, ಚೆಸ್ಕಾಂ ಲೈನ್‌ಮ್ಯಾನ್‌ಗೆ ಹೇಳಬೇಕು. ಮೂರೂ ಸರಿ ಇದ್ದರೆ ಮೇನ್ ಪೂರ್ತಿ ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಪಂಪ್ ಜಾಮ್ ಅಥವಾ ಬೇರಿಂಗ್."

ನಿಂತು ಗುಂಯ್‌ಗುಡುವ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇ ಟ್ರಿಪ್ ಆಗದಿದ್ದರೆ ಕೆಲವೇ ನಿಮಿಷದಲ್ಲಿ ವೈಂಡಿಂಗ್ ಸುಡುತ್ತದೆ. ಇದು ನಿಮಗೆ ಗೊತ್ತು, ಬರೆದವರಿಗೆ ಗೊತ್ತಿಲ್ಲ. ದೀಪವನ್ನು ಸ್ಟಾರ್ಟರ್ ಆಫ್ ಇಟ್ಟೇ ನೋಡಬೇಕೆಂಬುದನ್ನು ಬಿಡಬೇಡಿ, ಏಕೆಂದರೆ ಮೋಟಾರ್ ಓಡುತ್ತಿರುವಾಗ ಫೇಸ್ ಹೋದರೆ ಅದರ ದೀಪ ಪೂರ್ತಿ ಆರದೆ ಮಂಕಾಗಿ ಉರಿಯುತ್ತಿರುತ್ತದೆ, ನೋಡಿದವರು ಮೂರೂ ಇದೆ ಎಂದುಕೊಳ್ಳುತ್ತಾರೆ. ಪ್ಯಾನೆಲ್ ಬಿಚ್ಚಿ ನೋಡಿ ಎಂದು ಮಾತ್ರ ಗುಂಪಿನಲ್ಲಿ ಯಾರಿಗೂ ಹೇಳಬೇಡಿ. ಕೈ ಒದ್ದೆಯಿದ್ದವರು, ಮೇನ್ ತೆಗೆಯದವರು ಯಾರೂ ಅದನ್ನು ಓದಬಹುದು.

ಈ ಉತ್ತರದ ಕೊನೆಗೆ "ಬೇಕಾದರೆ ಕರೆ ಮಾಡಿ" ಎಂದು ಸೇರಿಸುವ ಆಸೆ ಆಗುತ್ತದೆ, ಸೇರಿಸಬೇಡಿ. ಹತ್ತರಲ್ಲಿ ಎಷ್ಟೋ ಸಲ ಅದು ಲೈನಿನ ತೊಂದರೆಯಾಗಿರುತ್ತದೆ, ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಉಳಿದ ಇನ್ನೂರು ಜನ ಅದನ್ನು ಓದಿರುತ್ತಾರೆ. ಊರಿನ ಮೆಕ್ಯಾನಿಕ್ ನಿಮಗಿಂತ ಮೊದಲೇ ಸರಿಯಾದ ಉತ್ತರ ಕೊಟ್ಟಿದ್ದರೆ "ಅವರು ಹೇಳಿದ್ದು ಸರಿ" ಎಂದು ಒಂದು ಸಾಲು ಹಾಕಿ ಸುಮ್ಮನಾಗಿ.

ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದಾಗಲೂ ಇದೇ ಕ್ರಮ: ಹೆಸರು, ಇರುವ ಜಾಗ, ಕರೆತಂದವರು, ಕೆಲಸ, ಬಾರದ ಕೆಲಸ. ಅರ್ಧ ನಿಮಿಷ ಸಾಕು. ಕಾರ್ಡ್ ಜೇಬಿನಲ್ಲೇ ಇರಲಿ, ಕಾಫಿ ಕುಡಿಯುವಾಗ ಕೇಳಿದವರಿಗೆ ಕೊಡಿ.

ಈಗ ನಿಮ್ಮ ಹಳೇ ಕರಡನ್ನು ಅಳಿಸಬೇಡಿ. ಅದರಲ್ಲಿ "ಕಡಿಮೆ ದರ", "ಎಲ್ಲಾ ತರಹದ" ತೆಗೆದು, ಮಾಡುವ ಕೆಲಸಗಳನ್ನು ಎಚ್‌ಪಿ ಸಮೇತ ಬರೆದು ಅಂಗಡಿಯ ಬಾಗಿಲ ಮೇಲೆ ಹಾಕಿ. "ಮಾಡಿಕೊಡಲಾಗುವುದು" ಅಲ್ಲಿ ಚೆನ್ನಾಗಿಯೇ ಒಪ್ಪುತ್ತದೆ.